ಕರೆನ್ಸಿ ಹಾಕಿಸುವ ಮುನ್ನ ಒಂದು ಭಾಗಾಕಾರ

1748 ರೂಪಾಯಿಯ ಪ್ಲಾನ್ ಅಗ್ಗವೋ, 1849 ರೂಪಾಯಿಯದೋ? ಯಾರನ್ನು ಕೇಳಿದರೂ ಮೊದಲನೆಯದನ್ನೇ ತೋರಿಸುತ್ತಾರೆ. ಎರಡೂ ಕೇವಲ ಮಾತಾಡಲು ಇರುವ ಪ್ಲಾನ್‌ಗಳು, ಎರಡರಲ್ಲೂ ನೆಟ್ ಇಲ್ಲ, ಎಷ್ಟು ಬೇಕಾದರೂ ಕರೆ ಮಾಡಬಹುದು, 3600 ಎಸ್ಸೆಮ್ಮೆಸ್ ಕಳಿಸಬಹುದು. ಹಾಗಿದ್ದ ಮೇಲೆ 101 ರೂಪಾಯಿ ಹೆಚ್ಚು ಕೊಡುವುದೇಕೆ?

ಆದರೆ ಜಿಯೋದ 1748ರ ಪ್ಲಾನ್ ನಡೆಯುವುದು 336 ದಿನ. ಏರ್‌ಟೆಲ್‌ನ 1849ರದು 365 ದಿನ. ಭಾಗಿಸಿ ನೋಡಿದರೆ ಮೊದಲನೆಯದಕ್ಕೆ ದಿನಕ್ಕೆ 5 ರೂಪಾಯಿ 20 ಪೈಸೆ ಬೀಳುತ್ತದೆ, ಎರಡನೆಯದಕ್ಕೆ 5 ರೂಪಾಯಿ 7 ಪೈಸೆ. ದುಬಾರಿಯಾಗಿ ಕಂಡದ್ದೇ ತುಸು ಅಗ್ಗ! ಇದೇ ಎರಡು ಕಂಪನಿಗಳ 84 ದಿನದ ಮಾತಿನ ಪ್ಲಾನ್‌ಗಳನ್ನು ಹೋಲಿಸಿದರೆ ಲೆಕ್ಕ ತಿರುಗುಮುರುಗಾಗುತ್ತದೆ. ಅಲ್ಲಿ ಜಿಯೋದ್ದು 448, ಏರ್‌ಟೆಲ್‌ನದು 469. ದಿನಗಳು ಸಮ ಇರುವುದರಿಂದ 448 ನಿಜವಾಗಿಯೂ ಅಗ್ಗ. ಅಂದರೆ ಯಾವ ಕಂಪನಿ ಅಗ್ಗ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಯಾವ ಪ್ಲಾನ್, ಎಷ್ಟು ದಿನಕ್ಕೆ ಎಂದು ಕೇಳಿದರೆ ಮಾತ್ರ ಇದೆ.

ಈ ಮಾತಿನ ಪ್ಲಾನ್‌ಗಳು ತಾವಾಗಿ ಬಂದವಲ್ಲ. ಟ್ರಾಯ್, ಅಂದರೆ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, 2024ರ ಡಿಸೆಂಬರ್‌ನಲ್ಲಿ ನಿಯಮ ತಿದ್ದಿ, ನೆಟ್ ಬೇಡದವರಿಗೆ ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಯಾಕ್ ಕೊಡಲೇಬೇಕು ಎಂದಿತು. ಇಂಥ ವಿಶೇಷ ಪ್ಯಾಕ್‌ಗಳ ಗರಿಷ್ಠ ಅವಧಿಯನ್ನು 90 ದಿನದಿಂದ 365 ದಿನಕ್ಕೆ ಏರಿಸಿತು. ಮರುತಿಂಗಳೇ ಕಂಪನಿಗಳು ಇವನ್ನು ಹೊರತಂದವು. ಆದರೂ ಅಂಗಡಿಯಲ್ಲಿ ‘ಕರೆನ್ಸಿ ಹಾಕಿ’ ಎಂದರೆ ಇವು ಮೊದಲು ಬಾಯಿಗೆ ಬರುವುದಿಲ್ಲ. ‘ಯಜಮಾನ್ರೇ, ಮುನ್ನೂರ ನಲವತ್ತೊಂಬತ್ತು ಹಾಕ್ಲಾ? ಎಲ್ಲರೂ ಅದೇ ಹಾಕಿಸ್ತಾರೆ’ ಎಂಬ ಮಾತೇ ಬರುತ್ತದೆ. ಆ್ಯಪ್ ತೆರೆದರೂ ಅಷ್ಟೇ. ಮೊದಲ ಪರದೆಯಲ್ಲಿ ‘ಜನಪ್ರಿಯ’ ಎಂಬ ಪಟ್ಟಿ ಹೊತ್ತ ಪ್ಲಾನ್‌ಗಳು ಸಾಲಾಗಿ ನಿಂತಿರುತ್ತವೆ, ಕಡಿಮೆ ದರದವು ಬೇರೊಂದು ವಿಭಾಗದಲ್ಲಿ ಕೆಳಗೆಲ್ಲೋ ಕೂತಿರುತ್ತವೆ. ಅಂಗಡಿಯವನಾಗಲಿ ಆ್ಯಪ್ ಆಗಲಿ ಸುಳ್ಳು ಹೇಳುತ್ತಿಲ್ಲ. ನಿಮಗೆಷ್ಟು ಬೇಕೆಂಬುದು ಅವರಿಗೆ ಗೊತ್ತಿಲ್ಲ, ಅಷ್ಟೆ.

ಇಲ್ಲಿ ಹೇಳುವ ದರಗಳೆಲ್ಲ 2024ರ ಜುಲೈ ಏರಿಕೆಯ ನಂತರದವು ಮತ್ತು 2025ರ ಆರಂಭದವು. ಎಲ್ಲದರಲ್ಲೂ ಶೇ 18ರ ಜಿಎಸ್‌ಟಿ ಸೇರಿಯೇ ಇದೆ. ಪ್ಲಾನ್‌ಗಳು ಬರುತ್ತಿರುತ್ತವೆ, ಹೋಗುತ್ತಿರುತ್ತವೆ, ಆದ್ದರಿಂದ ಅಂಕಿಗಳನ್ನು ಉದಾಹರಣೆ ಎಂದೇ ತಿಳಿಯಿರಿ. ಇವತ್ತಿನ ದರವನ್ನು ಕಂಪನಿಯ ಆ್ಯಪ್‌ನಲ್ಲೋ, ಎಲ್ಲ ಕಂಪನಿಗಳ ದರ ಒಂದೆಡೆ ಸಿಗುವ ಟ್ರಾಯ್‌ನ tariff.trai.gov.in ತಾಣದಲ್ಲೋ ನೋಡಿಕೊಳ್ಳಬಹುದು.

ತಿಂಗಳು ಎಂದರೆ ಎಷ್ಟು ದಿನ?

ಪ್ರೀಪೇಯ್ಡ್ ಲೋಕದಲ್ಲಿ ‘ತಿಂಗಳ ಪ್ಲಾನ್’ ಎಂದು ಜನ ಕರೆಯುವುದು ಬಹುಮಟ್ಟಿಗೆ 28 ದಿನದ್ದನ್ನು. 28ನ್ನು 13ರಿಂದ ಗುಣಿಸಿದರೆ 364. ಹಾಗಾಗಿ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ ಕರೆನ್ಸಿ ಹಾಕಿಸುತ್ತೇವೆ. ಸಂಬಳ ಮಾತ್ರ ಹನ್ನೆರಡೇ ಸಲ ಬರುತ್ತದೆ. ಈ ಬಗ್ಗೆ ಗ್ರಾಹಕರ ದೂರುಗಳು ಬಂದ ಮೇಲೆ 2022ರ ಜನವರಿಯಲ್ಲಿ ಟ್ರಾಯ್ ಒಂದು ಆದೇಶ ಹೊರಡಿಸಿತು. ಅದರ ಪ್ರಕಾರ ಪ್ರತಿ ಕಂಪನಿಯಲ್ಲೂ 30 ದಿನ ನಡೆಯುವ ಪ್ಲಾನ್ ಒಂದಾದರೂ ಇರಬೇಕು, ಪ್ರತಿ ತಿಂಗಳೂ ಅದೇ ತಾರೀಖಿಗೆ ಹಾಕಿಸುವಂಥದ್ದು ಇನ್ನೊಂದಾದರೂ ಇರಬೇಕು.

ಇದರಿಂದ ಏನು ಸಿಗುತ್ತದೆ ಎಂಬುದಕ್ಕೆ ಜಿಯೋದ ಎರಡು ಪ್ಲಾನ್ ನೋಡಿ. 299ರದು 28 ದಿನ, ದಿನಕ್ಕೆ ಒಂದೂವರೆ ಜಿಬಿ. 319ರದು ಪೂರ್ತಿ ಕ್ಯಾಲೆಂಡರ್ ತಿಂಗಳು, ದಿನಕ್ಕೆ ಅದೇ ಒಂದೂವರೆ ಜಿಬಿ. ಅಂಗಡಿಯಲ್ಲಿ ನಿಂತಾಗ 299 ಇಪ್ಪತ್ತು ರೂಪಾಯಿ ಕಡಿಮೆ ಎನಿಸುತ್ತದೆ. ವರ್ಷಕ್ಕೆ ಲೆಕ್ಕ ಹಾಕಿದರೆ 299 ಹದಿಮೂರು ಸಲಕ್ಕೆ 3887 ಆಗುತ್ತದೆ, 319 ಹನ್ನೆರಡು ಸಲಕ್ಕೆ 3828. ಐವತ್ತೊಂಬತ್ತು ರೂಪಾಯಿ ದೊಡ್ಡ ಮೊತ್ತವಲ್ಲ ನಿಜ. ಆದರೆ ಪ್ರತಿ ತಿಂಗಳ ಒಂದೇ ತಾರೀಖಿಗೆ ಮುಗಿಯುವ ಪ್ಲಾನ್ ನೆನಪಿನಲ್ಲಿ ಉಳಿಯುತ್ತದೆ, 28 ದಿನದ್ದು ತಿಂಗಳಿಂದ ತಿಂಗಳಿಗೆ ಹಿಂದಕ್ಕೆ ಜಾರುತ್ತಾ ಕೊನೆಗೆ ಕೈಯಲ್ಲಿ ಕಾಸಿಲ್ಲದ ತಿಂಗಳ ಕೊನೆಯ ವಾರಕ್ಕೇ ಬಂದು ಕೂರುತ್ತದೆ.

ಅವಧಿ ಉದ್ದವಾದಷ್ಟೂ ದಿನದ ದರ ಸಾಮಾನ್ಯವಾಗಿ ಇಳಿಯುತ್ತದೆ. ಎಷ್ಟು ಇಳಿಯುತ್ತದೆ ಎಂಬುದು ಕೆಲವೊಮ್ಮೆ ಅಚ್ಚರಿ ಹುಟ್ಟಿಸುವಷ್ಟಿದೆ. ಜಿಯೋದಲ್ಲೇ ದಿನಕ್ಕೆ 2 ಜಿಬಿಯ 28 ದಿನದ ಪ್ಲಾನ್ 349 ರೂಪಾಯಿ. ಅದೇ 2 ಜಿಬಿ 84 ದಿನಕ್ಕೆ 859. 84 ಎಂದರೆ 28ರ ಮೂರು ಪಟ್ಟು, ಹಾಗಾಗಿ 859ನ್ನು ಮೂರರಿಂದ ಭಾಗಿಸಿದರೆ 28 ದಿನಕ್ಕೆ 286 ರೂಪಾಯಿ ಚಿಲ್ಲರೆ. ಒಂದೂವರೆ ಜಿಬಿಯ 299ಕ್ಕಿಂತಲೂ ಕಡಿಮೆಗೆ 2 ಜಿಬಿ ಸಿಕ್ಕಂತಾಯಿತು. ದಿನಗೂಲಿಯ ಮೇಲೆ ನಡೆಯುವ ಮನೆಯಲ್ಲಿ ಒಂದೇ ಸಲ 859 ಎತ್ತಿಕೊಡುವುದು ಸುಲಭವಲ್ಲ ಎಂಬುದೂ ಅಷ್ಟೇ ನಿಜ. ಇದ್ದವರಿಗೆ ಅಗ್ಗ, ಇಲ್ಲದವರಿಗೆ ದುಬಾರಿ ಎಂಬ ಈ ವ್ಯವಸ್ಥೆ ನನಗಂತೂ ಸರಿಕಾಣುವುದಿಲ್ಲ.

ಉದ್ದದ ಪ್ಲಾನ್‌ಗೆ ಇನ್ನೊಂದು ಷರತ್ತು ನಾವೇ ಹಾಕಿಕೊಳ್ಳಬೇಕು. ಮುಂದಿನ ಮೂರು ತಿಂಗಳು ಇದೇ ಕಂಪನಿಯಲ್ಲಿ ಇರುತ್ತೇನೆಯೇ ಎಂದು ಕೇಳಿಕೊಳ್ಳಬೇಕು. ನಂಬರ್ ಉಳಿಸಿಕೊಂಡು ಕಂಪನಿ ಬದಲಿಸಿದರೆ ಹಳೆಯ ಪ್ಲಾನಿನ ಉಳಿದ ದಿನಗಳು ಜೊತೆಗೆ ಬರುವುದಿಲ್ಲ. ಮಲೆನಾಡಿನ ಊರಿಗೆ ಹೊಸದಾಗಿ ಹೋಗುವವರು, ಕೆಲಸ ಬದಲಿಸಿ ಬೇರೆ ಜಿಲ್ಲೆಗೆ ಸೇರುವವರು ಮೊದಲು ಒಂದು ತಿಂಗಳದ್ದು ಹಾಕಿಸಿ ಸಿಗ್ನಲ್ ನೋಡುವುದು ಲೇಸು. ಕಂಪನಿಗಳು ತಮ್ಮ ತಾಣದಲ್ಲಿ ಸಿಗ್ನಲ್ ನಕ್ಷೆಯನ್ನು ಹಾಕಬೇಕೆಂಬ ನಿಯಮವಿದೆ. ಆದರೆ ಹೆಂಚಿನ ಮನೆಯ ಅಡುಗೆಕೋಣೆಯಲ್ಲಿ ಸಿಗ್ನಲ್ ಬರುತ್ತದೋ ಇಲ್ಲವೋ ಎಂಬುದನ್ನು ಪಕ್ಕದ ಮನೆಯವರೇ ಸರಿಯಾಗಿ ಹೇಳಬಲ್ಲರು.

ಫೋನಿನ ಪ್ರಶ್ನೆಯೂ ಇಲ್ಲಿಯೇ ಬರುತ್ತದೆ. ಜಿಯೋಗೆ 2ಜಿ ಜಾಲವೇ ಇಲ್ಲ. ಅಜ್ಜಿಯ ಹಳೆಯ ಬಟನ್ ಫೋನಿಗೆ ಜಿಯೋದ 448 ಎಷ್ಟೇ ಅಗ್ಗವಾಗಿ ಕಂಡರೂ ಆ ಸಿಮ್ ಅದರಲ್ಲಿ ನಡೆಯುವುದಿಲ್ಲ. 2ಜಿ ಇನ್ನೂ ಇರುವ ಕಂಪನಿಯ 469 ಅವರ ಪಾಲಿಗೆ ಅಗ್ಗದ್ದು.

ದಿನದ ಮಿತಿ, ದಿನದ ಬಳಕೆ

ಅವಧಿಯ ಲೆಕ್ಕ ಬರೀ ಭಾಗಾಕಾರ. ಡೇಟಾದ ಲೆಕ್ಕ ನಮ್ಮ ಅಭ್ಯಾಸದ ಲೆಕ್ಕ, ಅದಕ್ಕೇ ಜನ ಇಲ್ಲಿ ಹೆಚ್ಚು ದುಡ್ಡು ಕಳೆಯುತ್ತಾರೆ. ‘ದಿನಕ್ಕೆ 2 ಜಿಬಿ’ ಎಂದರೆ 28 ದಿನಕ್ಕೆ 56 ಜಿಬಿ ಎಂದು ಮನಸ್ಸು ಗುಣಿಸಿಬಿಡುತ್ತದೆ. ಆದರೆ ಇದು ಮೆಸ್ಸಿನ ಊಟದ ಹಾಗೆ: ಇವತ್ತು ಊಟ ಬಿಟ್ಟರೆ ನಾಳೆ ಎರಡು ತಟ್ಟೆ ಬಡಿಸುವುದಿಲ್ಲ. ಉಳಿದದ್ದು ನಡುರಾತ್ರಿ ಹನ್ನೆರಡಕ್ಕೆ ಅಳಿಸಿಹೋಗುತ್ತದೆ. ವಾರದ ದಿನಗಳಲ್ಲಿ ಉಳಿದದ್ದನ್ನು ಶನಿವಾರ, ಭಾನುವಾರ ಬಳಸಲು ಬಿಡುವ ಸೌಲಭ್ಯ ವಿಐನ ಕೆಲವು ಪ್ಲಾನ್‌ಗಳಲ್ಲಿ ಬಂದಿದೆ, ಅದು ಅಪವಾದ.

ಮಿತಿ ಮುಗಿದ ಮೇಲೆ ಸಾಮಾನ್ಯವಾಗಿ ನೆಟ್ ಪೂರ್ತಿ ನಿಲ್ಲುವುದಿಲ್ಲ. ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ, ಇದು ಪ್ಲಾನಿನ ಕೆಳಗೆ ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಅದು ಸೆಕೆಂಡಿಗೆ 8 ಕಿಲೋಬೈಟ್. ಒಂದು ಎಂಬಿಯ ಫೋಟೊ ಬರಲು ಎರಡು ನಿಮಿಷಕ್ಕೂ ಹೆಚ್ಚು ಬೇಕು. ವಾಟ್ಸ್‌ಆ್ಯಪ್‌ನ ಅಕ್ಷರದ ಸಂದೇಶ ಹೋಗುತ್ತದೆ, ತಾಳ್ಮೆ ಇದ್ದರೆ ಯುಪಿಐ ಪಾವತಿಯೂ ಆದೀತು, ವಿಡಿಯೊ ಆಸೆ ಬಿಡಬೇಕು. ಇದರಲ್ಲಿ ಒಂದು ಉಪಯೋಗವೂ ಇದೆ. ರಾತ್ರಿ ಹತ್ತರ ಮೇಲೆ ಮಿತಿ ಮುಗಿದರೆ ತಕ್ಷಣ ನೆಟ್ ಪ್ಯಾಕ್ ಹಾಕಿಸಬೇಕಿಲ್ಲ, ಎರಡು ಗಂಟೆಯಲ್ಲಿ ಹೊಸ ದಿನದ ಡೇಟಾ ಬರುತ್ತದೆ.

ನಿಮಗೆ ಎಷ್ಟು ಬೇಕೆಂದು ತಿಳಿಯಲು ಊಹೆ ಬೇಡ, ಫೋನೇ ಬರೆದಿಟ್ಟಿರುತ್ತದೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ವಿಭಾಗಕ್ಕೆ ಹೋದರೆ ಡೇಟಾ ಬಳಕೆ ಎಂದಿರುತ್ತದೆ. ಅಲ್ಲಿ ವೈಫೈ ಲೆಕ್ಕ ಬಿಟ್ಟು ಮೊಬೈಲ್ ಡೇಟಾದ ಲೆಕ್ಕ ಮಾತ್ರ ನೋಡಿ. ತಿಂಗಳಿಗೆ 18 ಜಿಬಿ ಎಂದಿದ್ದರೆ ದಿನಕ್ಕೆ ಸರಾಸರಿ 600 ಎಂಬಿ. ಆದರೆ ಸರಾಸರಿ ಅರ್ಧ ಸತ್ಯ. ದಿನದ ಮಿತಿಯ ಪ್ಲಾನಿನಲ್ಲಿ ಮುಖ್ಯವಾಗುವುದು ಅತಿ ಹೆಚ್ಚು ಬಳಸಿದ ದಿನ. ಆರ್‌ಸಿಬಿ ಪಂದ್ಯ ಇದ್ದ ಸಂಜೆ, ಊರಿಗೆ ಹೋಗುವ ಬಸ್ಸಿನಲ್ಲಿ ಕೂತ ಆರು ತಾಸು, ಇಂಥ ದಿನಗಳು ತಿಂಗಳಲ್ಲಿ ಎಷ್ಟಿವೆ ಎಂದು ನೋಡಬೇಕು. ಒಂದು ಮಾತು ಇಲ್ಲಿ ಸೇರಿಸಬೇಕು: ಸಾಮಾನ್ಯ ಕರೆ, ಅದು 4ಜಿಯ ಮೇಲೆ ಹೋದರೂ, ಡೇಟಾ ಮಿತಿಯಿಂದ ಕಡಿತವಾಗುವುದಿಲ್ಲ. ವಾಟ್ಸ್‌ಆ್ಯಪ್ ಕರೆ ಕಡಿತವಾಗುತ್ತದೆ. ಕರೆ ಹೇಗೂ ಅನಿಯಮಿತ ಇರುವಾಗ ಊರೊಳಗಿನವರಿಗೂ ವಾಟ್ಸ್‌ಆ್ಯಪ್‌ನಲ್ಲೇ ಕರೆ ಮಾಡಿ ಡೇಟಾ ಕಳೆಯುವವರು ಬಹಳ.

ಈಗ 299 ಮತ್ತು 349ರ ನಡುವಿನ ಆಯ್ಕೆಗೆ ಬನ್ನಿ. ವ್ಯತ್ಯಾಸ 50 ರೂಪಾಯಿ, ಸಿಗುವುದು ದಿನಕ್ಕೆ ಅರ್ಧ ಜಿಬಿ ಹೆಚ್ಚು. ಮಿತಿ ದಾಟಿದ ದಿನಕ್ಕೆ ಜಿಯೋದಲ್ಲಿ 19 ರೂಪಾಯಿಗೆ ಆ ದಿನದ ಮಟ್ಟಿಗೆ 1 ಜಿಬಿ ಕೊಳ್ಳಬಹುದು. 28 ದಿನದಲ್ಲಿ ಎರಡು ಸಲ ಕೊಂಡರೆ 299ಕ್ಕೆ 38 ಸೇರಿ 337 ಆಯಿತು, ಇನ್ನೂ 349ರ ಒಳಗಿದ್ದೇವೆ. ಮೂರನೇ ಸಲ ಕೊಂಡರೆ 356, ದಾಟಿತು. ಆದ್ದರಿಂದ ತಿಂಗಳಲ್ಲಿ ಎರಡು ದಿನಕ್ಕಿಂತ ಹೆಚ್ಚು ‘ನೆಟ್ ಖಾಲಿ’ ಆಗುವವರು ಮೇಲಿನ ಪ್ಲಾನಿಗೆ ಹೋಗಲಿ, ಉಳಿದವರಿಗೆ ಕೆಳಗಿನದೇ ಸಾಕು.

ಇಷ್ಟೆಲ್ಲ 4ಜಿ ಫೋನಿನ ಮಾತು. 5ಜಿ ಫೋನ್ ಇದ್ದು, ನೀವಿರುವಲ್ಲಿ 5ಜಿ ಸಿಗ್ನಲ್ ನಿಲ್ಲುತ್ತಿದ್ದರೆ ಲೆಕ್ಕವೇ ಬೇರೆ. 2024ರ ಜುಲೈನಿಂದ ಜಿಯೋ ಮತ್ತು ಏರ್‌ಟೆಲ್ ಎರಡೂ ಮಿತಿಯಿಲ್ಲದ 5ಜಿಯನ್ನು ದಿನಕ್ಕೆ 2 ಜಿಬಿ ಅಥವಾ ಅದಕ್ಕಿಂತ ಮೇಲಿನ ಪ್ಲಾನ್‌ಗಳಿಗಷ್ಟೇ ಕೊಟ್ಟವು. ಅಂಥ ಪ್ಲಾನಿನಲ್ಲಿ 5ಜಿ ಮೇಲೆ ಬಳಸಿದ್ದು ದಿನದ ಮಿತಿಯಿಂದ ಕಡಿತವಾಗುವುದಿಲ್ಲ. ಆಗ 299ರ ಮೇಲೆ 50 ರೂಪಾಯಿ ಹೆಚ್ಚು ಕೊಡುವುದು ಅರ್ಧ ಜಿಬಿಗಲ್ಲ, ಮಿತಿಯನ್ನೇ ತೆಗೆಸುವುದಕ್ಕೆ. ಅದಕ್ಕೂ ಮೇಲಿನ ಎರಡೂವರೆ, ಮೂರು ಜಿಬಿಯ ಪ್ಲಾನ್‌ಗಳನ್ನು 5ಜಿ ಊರಿನವರು ಕೊಳ್ಳುವುದು ಹೆಚ್ಚಿನ ಪಾಲು ದಂಡ. 4ಜಿ ಫೋನ್ ಇಟ್ಟುಕೊಂಡು ‘ಅನಿಯಮಿತ 5ಜಿ’ ಎಂಬ ಅಕ್ಷರಕ್ಕೆ ಮರುಳಾದರೂ ದಂಡವೇ.

ಜೊತೆಗೆ ಬರುವ ಉಡುಗೊರೆ

ಪ್ಲಾನಿನ ಕೊನೆಯಲ್ಲಿ ಬಣ್ಣಬಣ್ಣದ ಚಿಹ್ನೆಗಳಿರುತ್ತವೆ: ಟಿವಿ ಆ್ಯಪ್, ಹಾಡಿನ ಆ್ಯಪ್, ಕ್ಲೌಡ್, ಸಿನಿಮಾ. ಎಲ್ಲ ಪ್ಲಾನಿನಲ್ಲೂ ಬರುವ ಕಂಪನಿಯ ಸ್ವಂತ ಆ್ಯಪ್‌ಗಳನ್ನು ಹೋಲಿಕೆಯಿಂದ ಬಿಟ್ಟುಬಿಡಿ. ಅವಕ್ಕೆ ಬೆಲೆ ಕಟ್ಟುವುದು ವ್ಯರ್ಥ.

ಬೆಲೆ ಇರುವ ಉಡುಗೊರೆ ಬಂದಾಗ ಮಾತ್ರ ಒಂದು ಕಳೆಯುವ ಲೆಕ್ಕ ಮಾಡಬೇಕು. ಜಿಯೋದಲ್ಲಿ 859 ಮತ್ತು 949 ಎರಡೂ 84 ದಿನದವು, ಎರಡರಲ್ಲೂ ದಿನಕ್ಕೆ 2 ಜಿಬಿ. 949ರಲ್ಲಿ ಮೂರು ತಿಂಗಳ ಜಿಯೋಹಾಟ್‌ಸ್ಟಾರ್ ಮೊಬೈಲ್ ಚಂದಾ ಸೇರಿದೆ. ಅಂದರೆ ಆ ಚಂದಾಕ್ಕೆ ನೀವು ಕೊಡುತ್ತಿರುವುದು 90 ರೂಪಾಯಿ. 2025ರಲ್ಲಿ ಅದನ್ನೇ ಬೇರೆಯಾಗಿ ಕೊಂಡರೆ ಮೂರು ತಿಂಗಳಿಗೆ 149. ಹೇಗೂ ಕೊಳ್ಳುವವರಾಗಿದ್ದರೆ 59 ಉಳಿಯಿತು. ಕೊಳ್ಳುವವರಲ್ಲದಿದ್ದರೆ ಉಚಿತ ಎಂಬ ಹೆಸರಿನಲ್ಲಿ 90 ಹೋಯಿತು. ಅದು ಮೊಬೈಲ್ ಚಂದಾ ಎಂಬುದನ್ನೂ ಗಮನಿಸಿ. ಗೋಡೆಯ ಟಿವಿಯಲ್ಲಿ ಮನೆಮಂದಿ ಕೂತು ಪಂದ್ಯ ನೋಡಲು ಅದು ಬರುವುದಿಲ್ಲ. 28 ದಿನದ ಪ್ಲಾನ್‌ಗಳ ಜೊತೆ ಮೂರು ತಿಂಗಳ ಚಂದಾ ಎಂದು ಜಾಹೀರಾತು ಕೊಟ್ಟಾಗ ಎರಡನೇ ಮತ್ತು ಮೂರನೇ ತಿಂಗಳದ್ದು ಸಿಗಬೇಕಾದರೆ ಪ್ಲಾನ್ ಮುಗಿದ 48 ಗಂಟೆಯೊಳಗೆ ಮತ್ತೆ ಹಾಕಿಸಬೇಕು ಎಂಬ ಷರತ್ತೂ ಇರುತ್ತದೆ.

ಯಾರೂ ಉಡುಗೊರೆ ಎಂದು ಎಣಿಸದ ಒಂದು ಸೌಲಭ್ಯಕ್ಕೆ ಮಾತ್ರ ನಾನು ಬೆಲೆ ಕೊಡುತ್ತೇನೆ. ಅದು ಎಸ್ಸೆಮ್ಮೆಸ್. ಯಾರು ಈಗ ಎಸ್ಸೆಮ್ಮೆಸ್ ಕಳಿಸುತ್ತಾರೆ ಎನ್ನಬೇಡಿ. ಹೊಸ ಫೋನಿನಲ್ಲಿ ಯುಪಿಐ ಆ್ಯಪ್ ಶುರುಮಾಡುವಾಗ ನಿಮ್ಮ ಸಿಮ್ಮಿನಿಂದ ತಾನಾಗಿ ಒಂದು ಎಸ್ಸೆಮ್ಮೆಸ್ ಹೋಗಬೇಕು. ಪ್ಲಾನಿನಲ್ಲಿ ಎಸ್ಸೆಮ್ಮೆಸ್ ಇಲ್ಲದೆ, ಮುಖ್ಯ ಬ್ಯಾಲೆನ್ಸೂ ಇಲ್ಲದಿದ್ದರೆ ನೋಂದಣಿ ಅಲ್ಲಿಗೇ ನಿಲ್ಲುತ್ತದೆ, ಜನ ಬ್ಯಾಂಕನ್ನು ಬೈಯುತ್ತಾರೆ. ಆಗ 10 ರೂಪಾಯಿಯ ಟಾಪಪ್ ಸಾಕು. ಶುಲ್ಕ, ತೆರಿಗೆ ಕಳೆದು ಅದರಲ್ಲಿ 7 ರೂಪಾಯಿ 47 ಪೈಸೆ ಮುಖ್ಯ ಬ್ಯಾಲೆನ್ಸಿಗೆ ಬರುತ್ತದೆ.

ಒಂದು ಮನೆ, ಮೂರು ಫೋನು

ಹಾಸನದಂಥ ಒಂದು ಊರಿನಲ್ಲಿ ಮೂವರ ಮನೆ ಎಂದಿಟ್ಟುಕೊಳ್ಳಿ. ಮೂವರದೂ ಜಿಯೋ, ಮೂವರಿಗೂ 349 ಹಾಕಿಸುವ ವಾಡಿಕೆ. 336 ದಿನದ ಲೆಕ್ಕ ತೆಗೆಯೋಣ, ಏಕೆಂದರೆ ಅದು 28ರ ಹನ್ನೆರಡು ಪಟ್ಟು, 84ರ ನಾಲ್ಕು ಪಟ್ಟು. ಒಬ್ಬರಿಗೆ 4188 ಆಯಿತು, ಮೂವರಿಗೆ 12,564.

ಅಮ್ಮನ ಕೈಯಲ್ಲಿರುವುದು ಮಗಳು ಬಿಟ್ಟುಕೊಟ್ಟ 4ಜಿ ಫೋನ್. ಅದರಲ್ಲಿ ಅವರು ತಂಗಿಗೂ ತವರಿಗೂ ಮಾತಾಡುತ್ತಾರೆ, ಬ್ಯಾಂಕಿನ ಒಟಿಪಿ ಬರುತ್ತದೆ. ಧಾರಾವಾಹಿಯ ತುಣುಕು ನೋಡುವುದೇನಿದ್ದರೂ ಮನೆಯ ವೈಫೈನಲ್ಲಿ. ಅವರಿಗೆ 1748ರ ಮಾತಿನ ಪ್ಲಾನ್ ಸಾಕು. ಅಪ್ಪ ಪೇಟೆಯಲ್ಲಿ ಓಡಾಡುತ್ತಾರೆ, ಯುಪಿಐ ಬೇಕು, ವಾಟ್ಸ್‌ಆ್ಯಪ್ ಬೇಕು, ರಾತ್ರಿ ಮನೆಯ ವೈಫೈ ಇದೆ. ಅವರಿಗೆ 28 ದಿನಕ್ಕೆ ಒಟ್ಟು 2 ಜಿಬಿ ಇರುವ 189ರದು ಸಾಕು, ಹನ್ನೆರಡು ಸಲಕ್ಕೆ 2268. ಆದರೆ ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ಡೇಟಾದ ಮೇಲೆ ಫೋಟೊ, ವಿಡಿಯೊ ತಾನಾಗಿ ಇಳಿಯದಂತೆ ಮಾಡಲೇಬೇಕು. ಇಲ್ಲದಿದ್ದರೆ ಶುಭೋದಯದ ವಿಡಿಯೊಗಳೇ ಆ 2 ಜಿಬಿಯನ್ನು ವಾರದಲ್ಲಿ ಮುಗಿಸುತ್ತವೆ. ಮಗಳು ಮೈಸೂರಿನ ಹಾಸ್ಟೆಲ್‌ನಲ್ಲಿದ್ದಾಳೆ, ಅಲ್ಲಿ ವೈಫೈ ಇಲ್ಲ, ಪಾಠವೂ ಮನರಂಜನೆಯೂ ಫೋನಿನಲ್ಲೇ. ಅವಳಿಗೆ 2 ಜಿಬಿ ಬೇಕೇ ಬೇಕು. ಆದರೆ 349ರ ಬದಲು 859 ನಾಲ್ಕು ಸಲ ಹಾಕಿಸಿದರೆ 3436.

ಮೂರೂ ಸೇರಿ 7452. ಉಳಿದದ್ದು 5112 ರೂಪಾಯಿ, ಹೆಚ್ಚುಕಡಿಮೆ ಹನ್ನೊಂದು ತಿಂಗಳಲ್ಲಿ. ಮನೆಯ ವೈಫೈ ಬಿಲ್ ಹೇಗೂ ಮೊದಲಿನಿಂದ ಕಟ್ಟುತ್ತಿದ್ದರು ಎಂಬುದು ಈ ಲೆಕ್ಕದ ಆಧಾರ. ವೈಫೈ ಇಲ್ಲದ ಮನೆಯಲ್ಲಿ ಅಪ್ಪನ 189 ನಡೆಯುವುದಿಲ್ಲ. ಅಮ್ಮನ ಪ್ಲಾನಿನಲ್ಲಿ ಡೇಟಾ ಇಲ್ಲದ ಕಾರಣ ಮೊಬೈಲ್ ಡೇಟಾ ಬಟನ್ ಆಫ್ ಮಾಡಿಯೇ ಫೋನ್ ಕೊಡುವುದು ಒಳ್ಳೆಯದು.

ಹಣ ಕೊಡುವ ಮುನ್ನ, ಕೊಟ್ಟ ಮೇಲೆ

ಅಗ್ಗದ್ದನ್ನು ಹುಡುಕುವವರು ಹೆಚ್ಚಾಗಿ ಮೋಸಹೋಗುವುದು ಡೇಟಾ ಪ್ಯಾಕ್‌ನಲ್ಲಿ. ಪಟ್ಟಿಯಲ್ಲಿ 30 ದಿನ ಎಂದು ಬರೆದ ಕಡಿಮೆ ದರದ ಪ್ಯಾಕ್ ಕಾಣುತ್ತದೆ, ಹಾಕಿಸುತ್ತಾರೆ, ಕರೆ ಹೋಗುವುದಿಲ್ಲ. ಡೇಟಾ ಪ್ಯಾಕ್‌ಗೆ ಸಿಮ್ಮನ್ನು ಜೀವಂತ ಇಡುವ ಶಕ್ತಿ ಇಲ್ಲ, ಅದು ನಡೆಯುತ್ತಿರುವ ಬೇಸ್ ಪ್ಲಾನಿನ ಮೇಲೆ ಕೂರುವಂಥದ್ದು. ಪ್ಲಾನಿನ ವಿವರದಲ್ಲಿ ‘ಬೇಸ್ ಪ್ಲಾನ್ ಅಗತ್ಯ’ ಎಂಬರ್ಥದ ಸಾಲು ಇದೆಯೇ, ಕರೆಯ ಸಾಲು ಖಾಲಿ ಇದೆಯೇ ಎಂದು ನೋಡಿದರೆ ತಿಳಿಯುತ್ತದೆ.

ಪಾವತಿಯ ಆ್ಯಪ್‌ಗಳಲ್ಲಿ ಕೆಲವು ರೀಚಾರ್ಜ್‌ಗೆ ಒಂದೆರಡು ರೂಪಾಯಿ ಅನುಕೂಲ ಶುಲ್ಕ ಸೇರಿಸುತ್ತವೆ. ಕೊನೆಯ ಪರದೆಯ ಮೊತ್ತ ಪ್ಲಾನಿನ ದರಕ್ಕಿಂತ ಹೆಚ್ಚಿದ್ದರೆ ಹಿಂದೆ ಬಂದು ಕಂಪನಿಯ ಸ್ವಂತ ಆ್ಯಪ್‌ನಲ್ಲಿ ದರ ನೋಡಿ.

ಹಾಕಿಸಿದ ಕೂಡಲೇ ಬರುವ ಎಸ್ಸೆಮ್ಮೆಸ್ ಅಳಿಸಬೇಡಿ. ಅದರಲ್ಲಿ ಪ್ಲಾನ್ ಮುಗಿಯುವ ದಿನ ಇರುತ್ತದೆ. ಹಳೆಯ ಪ್ಲಾನ್ ಮುಗಿಯುವ ಮೊದಲೇ ಹಾಕಿಸಿದ್ದರೆ ಹೊಸದು ಸರದಿಯಲ್ಲಿ ಕಾಯುತ್ತಿದೆಯೋ, ಈಗಲೇ ಶುರುವಾಯಿತೋ ಎಂದು ಆ್ಯಪ್‌ನಲ್ಲಿ ನೋಡಿಕೊಳ್ಳಿ. ಅವಧಿ ಮುಗಿದರೆ ಮೊದಲು ಹೊರಹೋಗುವ ಕರೆ ನಿಲ್ಲುತ್ತದೆ, ಕೆಲವು ದಿನಗಳಲ್ಲಿ ಇನ್‌ಕಮಿಂಗೂ ಬಂದ್ ಆಗುತ್ತದೆ, ಅದರ ಜೊತೆ ಒಟಿಪಿಗಳೂ ನಿಲ್ಲುತ್ತವೆ. ಬ್ಯಾಂಕಿಗೆ, ಆಧಾರ್‌ಗೆ ಕೊಟ್ಟ ನಂಬರ್ ಎರಡನೇ ಸಿಮ್ಮಿನಲ್ಲಿದ್ದರೆ ಅದಕ್ಕೆ ಮಾತಿನ ಪ್ಲಾನ್ ಹಾಕಿಸಿ ಮುಗಿಯುವ ದಿನವನ್ನು ಗೋಡೆಯ ಕ್ಯಾಲೆಂಡರ್‌ನಲ್ಲೇ ಬರೆದಿಡಿ. ತಪ್ಪು ಪ್ಲಾನ್ ಒಮ್ಮೆ ಚಾಲೂ ಆದರೆ ಹಣ ಹಿಂದಿರುಗುವುದು ತೀರಾ ಅಪರೂಪ, ಹಾಗಾಗಿ ದಿನಗಳನ್ನು ಭಾಗಿಸುವ ಕೆಲಸ ‘ಪಾವತಿಸಿ’ ಎಂಬ ಬಟನ್ ಒತ್ತುವ ಮೊದಲೇ ಆಗಬೇಕು.